ಬಾರದ ಪಾರ್ಸೆಲ್‌ಗೆ ‘ಡೆಲಿವರ್ಡ್’ ಮುದ್ರೆ

2023ರ ಆಗಸ್ಟ್ 31ರಂದು ಧಾರವಾಡದ ಮಹಿಳೆಯೊಬ್ಬರು ಜೊಮ್ಯಾಟೊ ಆಪ್‌ನಲ್ಲಿ ಮೊಮೊ ಆರ್ಡರ್ ಮಾಡಿದರು. ಬಿಲ್ಲು 133 ರೂಪಾಯಿ 25 ಪೈಸೆ. ಗೂಗಲ್ ಪೇ ಮೂಲಕ ಹಣ ಕಟ್ಟಿದ್ದೂ ಆಯಿತು. ಹದಿನೈದು ನಿಮಿಷದಲ್ಲಿ ಮೊಬೈಲಿಗೆ ಸಂದೇಶ ಬಂತು: ಆರ್ಡರ್ ತಲುಪಿದೆ. ಆದರೆ ಬಾಗಿಲಿಗೆ ಯಾರೂ ಬಂದಿರಲಿಲ್ಲ. ಹೋಟೆಲಿನವರನ್ನು ವಿಚಾರಿಸಿದರೆ ಡೆಲಿವರಿ ಹುಡುಗ ಪಾರ್ಸೆಲ್ ಒಯ್ದಾಗಿದೆ ಎಂದರು. ಆ ಹುಡುಗನನ್ನು ಸಂಪರ್ಕಿಸಲು ನೋಡಿದರೆ ಅವನಿಂದ ಉತ್ತರವಿಲ್ಲ. ಕಂಪನಿಗೆ ಇಮೇಲ್ ಬರೆದರೆ 72 ಗಂಟೆ ಕಾಯುವಂತೆ ಸೂಚನೆ ಬಂತು. ಆ 72 ಗಂಟೆ ಕಳೆದ ಮೇಲೂ ಪರಿಹಾರ ಸಿಗಲಿಲ್ಲ.

ಬಹಳ ಜನ ಇಲ್ಲಿಗೇ ಬಿಟ್ಟುಬಿಡುತ್ತಾರೆ. ನೂರ ಮೂವತ್ತು ರೂಪಾಯಿಗೆ ಯಾರು ಅಲೆದಾಡುತ್ತಾರೆ? ಆ ಮಹಿಳೆ ಬಿಡಲಿಲ್ಲ. ಸೆಪ್ಟೆಂಬರ್ 13ರಂದು ಕಂಪನಿಗೆ ಲೀಗಲ್ ನೋಟಿಸ್ ಕಳಿಸಿದರು. ಅದರಿಂದಲೂ ಕೆಲಸವಾಗದಿದ್ದಾಗ ಧಾರವಾಡ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಟ್ಟರು. ಕಂಪನಿಯ ಪರ ವಕೀಲರು ತಮ್ಮಿಂದ ಯಾವ ತಪ್ಪೂ ಆಗಿಲ್ಲ ಎಂದು ವಾದಿಸಿದರು. ಕೇಸು ನಡೆಯುತ್ತಿರುವಾಗಲೇ, 2024ರ ಮೇ 2ರಂದು, ಆ 133 ರೂಪಾಯಿ 25 ಪೈಸೆ ಮಹಿಳೆಗೆ ವಾಪಸ್ ಬಂತು. ಜುಲೈ 3ರಂದು ಆಯೋಗ ತೀರ್ಪು ಕೊಟ್ಟಿತು. ಹಣ ಪಡೆದ ಮೇಲೂ ಪದಾರ್ಥ ತಲುಪಿಸಿಲ್ಲ, ಮಾನಸಿಕ ಕಿರುಕುಳಕ್ಕೆ 50,000 ರೂಪಾಯಿ, ಕೇಸಿನ ಖರ್ಚಿಗೆ 10,000 ರೂಪಾಯಿ ಕೊಡಬೇಕು ಎಂದಿತು.

ಮೊತ್ತ ನೋಡಿ ಅಂದು ಪತ್ರಿಕೆಗಳೆಲ್ಲ ಸುದ್ದಿ ಮಾಡಿದವು. ಆದರೆ ಆ ಪ್ರಕರಣದಲ್ಲಿ ಗಮನಿಸಬೇಕಾದ ವಿಷಯ ಬೇರೆ ಇದೆ. ‘ತಲುಪಿದೆ’ ಎಂಬ ಸಂದೇಶ ಕಂಪನಿಯ ವ್ಯವಸ್ಥೆಯಿಂದಲೇ ಹೊರಟಿದ್ದು. ಅದು ಕಂಪನಿಯ ಹೇಳಿಕೆ, ಪುರಾವೆಯಲ್ಲ. ಯಾವ ಆಧಾರದ ಮೇಲೆ ಹಾಗೆ ಹೇಳುತ್ತೀರಿ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ. ಆ ಪ್ರಶ್ನೆಯನ್ನು ಸರಿಯಾದ ಹೊತ್ತಿನಲ್ಲಿ, ಬರವಣಿಗೆಯಲ್ಲಿ ಕೇಳಿದವರಿಗೆ ಹಣ ವಾಪಸ್ ಬರುವ ಸಾಧ್ಯತೆ ಹೆಚ್ಚು.

ಇಷ್ಟಕ್ಕೂ ಆ ಮುದ್ರೆ ಒತ್ತುವವರು ಯಾರು, ಹೇಗೆ ಒತ್ತುತ್ತಾರೆ ಎಂಬುದನ್ನು ನೋಡಿದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಆನ್‌ಲೈನ್‌ನಲ್ಲಿ ಕೊಂಡ ಸೀರೆ, ಮಿಕ್ಸಿ, ಮೊಬೈಲುಗಳ ವಿಷಯವನ್ನೇ ತೆಗೆದುಕೊಳ್ಳೋಣ. ನಿಮ್ಮ ಊರಿನ ಡೆಲಿವರಿ ಹಬ್‌ಗೆ ಬೆಳಗಿನ ಲಾರಿಯಲ್ಲಿ ಬಂದ ಪಾರ್ಸೆಲ್‌ಗಳನ್ನು ಬಡಾವಣೆವಾರು ವಿಂಗಡಿಸುತ್ತಾರೆ. ಒಬ್ಬೊಬ್ಬ ಹುಡುಗ ತನ್ನ ಪಾಲಿನ ಪಾರ್ಸೆಲ್‌ಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ ಚೀಲಕ್ಕೆ ತುಂಬಿಕೊಳ್ಳುತ್ತಾನೆ. ಆ ಸ್ಕ್ಯಾನ್ ಆದ ಗಳಿಗೆಯಿಂದ ಪಾರ್ಸೆಲ್ ಅವನ ಹೆಸರಿಗೆ. ನಿಮ್ಮ ಮೊಬೈಲಿಗೆ ‘ಔಟ್ ಫಾರ್ ಡೆಲಿವರಿ’ ಎಂದು ಬರುವುದು ಆಗಲೇ.

ಮನೆ ಬಾಗಿಲಿನಲ್ಲಿ ಆತ ಮತ್ತೊಮ್ಮೆ ಬಾರ್‌ಕೋಡ್ ಸ್ಕ್ಯಾನ್ ಮಾಡುತ್ತಾನೆ. ಯಾರ ಕೈಗೆ ಕೊಟ್ಟೆ ಎಂದು ಆಪ್ ಕೇಳುತ್ತದೆ: ಗ್ರಾಹಕರಿಗೋ, ಮನೆಯವರಿಗೋ, ಪಕ್ಕದವರಿಗೋ, ಸೆಕ್ಯುರಿಟಿಗೋ. ಒಂದನ್ನು ಆರಿಸಬೇಕು. ಕೆಲವು ಪಾರ್ಸೆಲ್‌ಗಳಿಗೆ ತೆರೆಯ ಮೇಲೆ ಬೆರಳಿನಿಂದ ಸಹಿ, ಕೆಲವಕ್ಕೆ ಬಾಗಿಲಿನ ಫೋಟೊ, ಬೆಲೆಬಾಳುವ ವಸ್ತುವಾದರೆ ಸಾಮಾನ್ಯವಾಗಿ ಓಟಿಪಿ. ಆಮೇಲೆ ಬಟನ್. ಒತ್ತಿದ ಸಮಯ ದಾಖಲಾಗುತ್ತದೆ, ಬಹುತೇಕ ಆಪ್‌ಗಳಲ್ಲಿ ಆ ಹೊತ್ತಿಗೆ ಫೋನ್ ಎಲ್ಲಿತ್ತು ಎಂಬುದೂ ದಾಖಲಾಗುತ್ತದೆ. ಓಟಿಪಿ ಇಲ್ಲದ ಪಾರ್ಸೆಲ್ ಆದರೆ ಇದರಲ್ಲಿ ಯಾವುದಕ್ಕೂ ಗ್ರಾಹಕರ ಒಪ್ಪಿಗೆ ಬೇಕಿಲ್ಲ. ತೆರೆಯ ಮೇಲೆ ಗೀಚಿದ ಸಹಿ ಯಾರದೂ ಆಗಿರಬಹುದು.

ಸಂಜೆ ಆತ ಹಬ್‌ಗೆ ಮರಳಿ ಲೆಕ್ಕ ಒಪ್ಪಿಸಬೇಕು. ಕೊಡದೆ ಉಳಿದ ಪ್ರತಿ ಪಾರ್ಸೆಲ್‌ಗೂ ಕಾರಣ ಬರೆಯಬೇಕು. ಮುಟ್ಟಿಸಿದ ಪಾರ್ಸೆಲ್‌ಗೆ ಇಂತಿಷ್ಟು ಎಂಬ ಲೆಕ್ಕದಲ್ಲಿ ದುಡಿಯುವವನಿಗೆ ವಾಪಸ್ ತಂದದ್ದಕ್ಕೆ ಕೂಲಿಯಿಲ್ಲ. ವಾಪಸ್ ತರುವುದು ಹೆಚ್ಚಾದರೆ ಮೇಲ್ವಿಚಾರಕರಿಂದ ಮಾತು ಕೇಳಬೇಕು, ಒಳ್ಳೆಯ ರೂಟು ಕೈತಪ್ಪಬಹುದು. ಹೀಗಾಗಿ ಕತ್ತಲಾದ ಮೇಲೆ ಉಳಿದ ನಾಲ್ಕಾರು ಪಾರ್ಸೆಲ್‌ಗೆ ‘ಡೆಲಿವರ್ಡ್’ ಒತ್ತಿ, ಮಾರನೇ ದಿನ ಬೆಳಿಗ್ಗೆ ತಂದುಕೊಡುವ ರೂಢಿ ಹುಟ್ಟಿಕೊಂಡಿದೆ. ರಾತ್ರಿ ಎಂಟೂವರೆಗೆ ‘ತಲುಪಿದೆ’ ಎಂದು ಸಂದೇಶ ಬಂದು, ಮಾರನೇ ದಿನ ಹನ್ನೊಂದಕ್ಕೆ ಅದೇ ಪಾರ್ಸೆಲ್ ಹಿಡಿದು ಹುಡುಗ ಬಾಗಿಲು ತಟ್ಟಿದ ಅನುಭವ ಎಷ್ಟೋ ಮನೆಗಳಿಗಿದೆ. ಇದರಲ್ಲಿ ಕಳ್ಳತನದ ಉದ್ದೇಶವಿಲ್ಲ. ಆದರೂ ದಾಖಲೆ ಸುಳ್ಳೇ. ಆ ರಾತ್ರಿ ಪಾರ್ಸೆಲ್ ಕಳೆದುಹೋದರೆ ಲೆಕ್ಕದ ಪ್ರಕಾರ ಅದು ನಿಮ್ಮ ಮನೆಯಲ್ಲಿರುತ್ತದೆ.

ಎರಡನೆಯದು ತಪ್ಪು ಕೈಗೆ ಹೋಗುವುದು. ‘ಮೂರನೇ ಕ್ರಾಸ್, ಆಂಜನೇಯ ಗುಡಿ ಹಿಂದೆ’ ಎಂಬ ವಿಳಾಸ ಹಿಡಿದು ಹುಡುಕುವ ಹೊಸ ಹುಡುಗ ಎರಡನೇ ಕ್ರಾಸಿನಲ್ಲಿ ಕೊಟ್ಟಿರಬಹುದು, ಕೆಳಗಿನ ಅಂಗಡಿಯಲ್ಲಿ ಇಟ್ಟಿರಬಹುದು, ಅಪಾರ್ಟ್‌ಮೆಂಟ್ ಗೇಟಿನ ರಿಜಿಸ್ಟರಿನಲ್ಲಿ ಬರೆಸಿ ಹೋಗಿರಬಹುದು. ಮೂರನೆಯದು ನಿಜವಾದ ಕಳ್ಳತನ. ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್‌ನಲ್ಲಿ ಈ ಸುಳ್ಳು ನಡೆಯುವುದು ಕಷ್ಟ, ಏಕೆಂದರೆ ‘ಡೆಲಿವರ್ಡ್’ ಒತ್ತಿದವನು ಸಂಜೆ ಆ ಹಣವನ್ನು ಕೌಂಟರಿನಲ್ಲಿ ಕಟ್ಟಲೇಬೇಕು. ಮುಂಗಡ ಹಣ ಕಟ್ಟಿದ ಪಾರ್ಸೆಲ್‌ಗಳಿಗೆ ಆ ತಡೆ ಇಲ್ಲ.

ಓಟಿಪಿ ಬಂದ ಮೇಲೆ ಈ ತೊಂದರೆ ತಪ್ಪುತ್ತದೆ ಎಂದುಕೊಂಡಿದ್ದವರಿಗೆ ಹೊಸ ಸಮಸ್ಯೆ ಎದುರಾಗಿದೆ. ‘ಮೇಡಮ್, ಪಾರ್ಸೆಲ್ ಬಂದಿದೆ, ಓಟಿಪಿ ಹೇಳಿಬಿಡಿ, ಗೇಟಿನಲ್ಲಿ ಕೊಟ್ಟು ಹೋಗ್ತೀನಿ’ ಎಂದು ಫೋನ್ ಬರುತ್ತದೆ. ಆಫೀಸಿನಲ್ಲಿ ಕೂತವರು ಹೇಳಿಬಿಡುತ್ತಾರೆ. ಅಲ್ಲಿಗೆ ಕಂಪನಿಯ ದಾಖಲೆಯಲ್ಲಿ ಗ್ರಾಹಕರೇ ಪಾರ್ಸೆಲ್ ಪಡೆದಂತಾಯಿತು. ಮುಂದೆ ದೂರು ಕೊಟ್ಟರೆ ಕಂಪನಿ ಮೊದಲು ತೋರಿಸುವುದು ಅದನ್ನೇ. ಪಾರ್ಸೆಲ್ ಕೈಗೆ ಬರದೆ ಓಟಿಪಿ ಕೊಡದಿರುವುದು ಅತ್ಯಂತ ಸರಳವಾದ ರಕ್ಷಣೆ. ಕೊಟ್ಟಾಗಿದ್ದರೂ ದಾರಿ ಪೂರ್ತಿ ಮುಚ್ಚಿಲ್ಲ. ಆ ಕರೆ ಎಷ್ಟು ಹೊತ್ತಿಗೆ, ಯಾವ ನಂಬರಿನಿಂದ ಬಂತು ಎಂಬುದು ಫೋನಿನಲ್ಲಿ ಉಳಿದಿರುತ್ತದೆ. ಅದರ ಚಿತ್ರ ತೆಗೆದಿಟ್ಟುಕೊಳ್ಳಬೇಕು.

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯ ಶಾಲಾ ಶಿಕ್ಷಕಿಯೊಬ್ಬರು 8,400 ರೂಪಾಯಿಯ ಟ್ಯಾಬ್ಲೆಟ್ ತರಿಸಿದ್ದಾರೆ. ಸಂಜೆ 4.12ಕ್ಕೆ ‘ಡೆಲಿವರ್ಡ್’ ಸಂದೇಶ ಬರುತ್ತದೆ. ಆಗ ಅವರು ಶಾಲೆಯಲ್ಲಿ, ಅತ್ತೆ ಮನೆಯಲ್ಲಿ. ಐದಕ್ಕೆ ಮನೆಗೆ ಬಂದು ಕೇಳಿದರೆ ಯಾರೂ ಬಂದಿಲ್ಲ. ಅವರು ಮೊದಲು ಮಾಡಬೇಕಾದ್ದು ಆರ್ಡರ್ ಪುಟವನ್ನು ತೆರೆದು, ವಿವರಗಳಿರುವ ಪ್ರತಿ ತೆರೆಯ ಸ್ಕ್ರೀನ್‌ಶಾಟ್ ತೆಗೆಯುವುದು. ಟ್ರ್ಯಾಕಿಂಗ್ ಸಂಖ್ಯೆ, ತಲುಪಿದ ಸಮಯ, ಯಾರ ಕೈಗೆ ಎಂಬ ಸಾಲು, ಫೋಟೊ ಇದ್ದರೆ ಫೋಟೊ. ಮುಂದೆ ಈ ಪುಟ ಬದಲಾಗಬಹುದು, ಹುಡುಗನ ನಂಬರಿಗೆ ಕರೆ ಹೋಗದಂತಾಗಬಹುದು.

ಫೋಟೊ ಇದ್ದರೆ ಅದನ್ನು ದೊಡ್ಡದು ಮಾಡಿ ನೋಡಬೇಕು. ಬಾಗಿಲಿನ ಬಣ್ಣ, ಹೊಸ್ತಿಲು, ಚಪ್ಪಲಿ ಸ್ಟ್ಯಾಂಡು, ನೆಲದ ಟೈಲ್ಸ್ ನಮ್ಮದಲ್ಲವೆಂದರೆ ಅರ್ಧ ಕೆಲಸ ಮುಗಿದಂತೆ. ಆ ಫೋಟೊದ ಪಕ್ಕದಲ್ಲಿ ತಮ್ಮ ಬಾಗಿಲಿನ ಫೋಟೊ ಇಟ್ಟು ಕಳಿಸಿದರೆ ಕಂಪನಿಯವರಿಗೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ. ಪಕ್ಕದ ಮನೆ, ಕೆಳಗಿನ ಅಂಗಡಿ, ಗೇಟಿನ ರಿಜಿಸ್ಟರು ನೋಡಿಬಿಡಬೇಕು. ಹೀಗೆ ಕೇಳಿದಾಗಲೇ ಎಷ್ಟೋ ಪಾರ್ಸೆಲ್ ಸಿಕ್ಕಿಬಿಡುತ್ತವೆ. ಸಿಸಿಟಿವಿ ಇರುವ ಕಡೆ ಆ ಹೊತ್ತಿನ ದೃಶ್ಯವನ್ನು ಅದೇ ದಿನ ಅಥವಾ ಮಾರನೇ ದಿನವೇ ಕೇಳಿ ಪಡೆಯಬೇಕು. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತಾ ಹೋಗುವುದರಿಂದ, ತಡಮಾಡಿದರೆ ಅದು ಅಳಿಸಿಹೋಗಿರುತ್ತದೆ. 4 ಗಂಟೆಯಿಂದ 4.30ರವರೆಗೆ ಗೇಟಿಗೆ ಯಾವ ಡೆಲಿವರಿ ಬೈಕೂ ಬಂದಿಲ್ಲ ಎಂದು ತೋರಿಸುವ ಅರ್ಧ ಗಂಟೆಯ ದೃಶ್ಯ ಈ ಬಗೆಯ ದೂರಿನಲ್ಲಿ ಬಹಳ ಬಲವಾದ ಸಾಕ್ಷಿ.

ಆಮೇಲೆ ದೂರು. ಇಲ್ಲಿ ಹೆಚ್ಚಿನವರು ಎಡವುವುದು ಕರೆ ಮಾಡಿ ಸುಮ್ಮನಾಗುವುದರಲ್ಲಿ. ಕಸ್ಟಮರ್ ಕೇರ್‌ನವರೊಂದಿಗೆ ನಲವತ್ತು ನಿಮಿಷ ಮಾತಾಡಿದರೂ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆಪ್‌ನ ಚಾಟ್‌ನಲ್ಲಿ ಅಥವಾ ಇಮೇಲಿನಲ್ಲಿ ಬರೆಯಬೇಕು, ಅದೂ ಕೆಲವೇ ಸಾಲುಗಳಲ್ಲಿ. ಶಿಕ್ಷಕಿ ಬರೆಯಬಹುದಾದದ್ದು ಹೀಗೆ: ‘ಈ ಆರ್ಡರ್ ಸಂಜೆ 4.12ಕ್ಕೆ ತಲುಪಿದೆ ಎಂದು ತೋರಿಸುತ್ತಿದೆ. ಆ ಹೊತ್ತಿನಲ್ಲಿ ಮನೆಯಲ್ಲಿ ನಮ್ಮ ಅತ್ತೆ ಇದ್ದರು. ಯಾರೂ ಬಂದಿಲ್ಲ, ಪಾರ್ಸೆಲ್ ನಮ್ಮ ಕೈ ಸೇರಿಲ್ಲ. ಯಾರಿಗೆ ಕೊಟ್ಟಿದ್ದೀರಿ, ಅವರ ಸಹಿ ಅಥವಾ ಫೋಟೊ, ಓಟಿಪಿ ಪಡೆದಿದ್ದರೆ ಅದರ ಸಮಯ, ‘ಡೆಲಿವರ್ಡ್’ ಒತ್ತಿದಾಗಿನ ಸ್ಥಳದ ದಾಖಲೆ, ಇವನ್ನು ಕಳಿಸಿ. ಇಲ್ಲವಾದರೆ ಪೂರ್ತಿ ಹಣ ಹಿಂದಿರುಗಿಸಿ.’ ಹುಡುಗ ಕದ್ದಿದ್ದಾನೆ ಎಂದು ಬರೆಯಬಾರದು. ಅದು ನಮಗೆ ಗೊತ್ತಿಲ್ಲದ ಸಂಗತಿ. ಗೊತ್ತಿರುವುದು ಪಾರ್ಸೆಲ್ ಬಂದಿಲ್ಲ ಎಂಬುದಷ್ಟೇ, ದೂರು ನಿಲ್ಲುವುದೂ ಅದರ ಮೇಲೆಯೇ.

ಸ್ಥಳದ ದಾಖಲೆ ಕೇಳುವುದಕ್ಕೆ ಕಾರಣವಿದೆ. ಗ್ರಾಹಕರಿಗೆ ಕಾಣದಿದ್ದರೂ ಕಂಪನಿಯ ತನಿಖೆಯವರಿಗೆ ಅದು ಕಾಣುತ್ತದೆ. ಬಟನ್ ಒತ್ತಿದಾಗ ಫೋನು ಹಬ್‌ನಲ್ಲೇ ಇತ್ತೇ, ಮೂರು ಕಿಲೊಮೀಟರ್ ಆಚೆ ಇತ್ತೇ, ಒಂದೇ ಜಾಗದಲ್ಲಿ ನಿಂತು ಎರಡು ನಿಮಿಷದಲ್ಲಿ ಹತ್ತು ಪಾರ್ಸೆಲ್ ‘ತಲುಪಿಸಿದ್ದಾನೆಯೇ’ ಎಂಬುದನ್ನು ಅವರು ನೋಡಬಲ್ಲರು. ಆದರೆ ಅದಕ್ಕೂ ಮಿತಿಯಿದೆ. ಒತ್ತಾಗಿ ಮನೆಗಳಿರುವ ಗಲ್ಲಿಯಲ್ಲಿ, ಬಹುಮಹಡಿ ಕಟ್ಟಡದಲ್ಲಿ ಫೋನಿನ ಸ್ಥಳ ಕರಾರುವಾಕ್ಕಾಗಿ ಸಿಗುವುದಿಲ್ಲ. ಫೋನು ಬೀದಿಯಲ್ಲಿತ್ತು ಎಂದಾಕ್ಷಣ ಪಾರ್ಸೆಲ್ ನಿಮ್ಮ ಕೈಗೆ ಬಂತು ಎಂದಾಗುವುದಿಲ್ಲ. ಹೀಗಾಗಿ ಸ್ಥಳದ ದಾಖಲೆಯೊಂದನ್ನೇ ಹಿಡಿದು ಕಂಪನಿ ದೂರು ಮುಚ್ಚಿದರೆ, ಸಹಿ ಯಾರದು, ಪಡೆದವರು ಯಾರು ಎಂದು ಮತ್ತೆ ಕೇಳಬೇಕು.

ಕೊರಿಯರ್ ಕಂಪನಿಯನ್ನು ಕೇಳಿದರೆ ‘ಕಳಿಸಿದವರನ್ನೇ ಕೇಳಿ’ ಎನ್ನುತ್ತದೆ, ಮಾರಾಟಗಾರನನ್ನು ಕೇಳಿದರೆ ‘ನಾವು ಕೊರಿಯರ್‌ಗೆ ಕೊಟ್ಟಾಗಿದೆ’ ಎನ್ನುತ್ತಾನೆ, ಆಪ್‌ನವರು ‘ನಾವು ಬರೀ ಮಧ್ಯವರ್ತಿ’ ಎನ್ನುತ್ತಾರೆ. ಈ ಮೂರನೆಯ ಮಾತು ಬೆಂಗಳೂರಿನ ಗ್ರಾಹಕರ ಆಯೋಗದ ಮುಂದೆಯೂ ಬಂದಿತ್ತು. 2023ರ ಜನವರಿಯಲ್ಲಿ ಗ್ರಾಹಕರೊಬ್ಬರು ಸ್ವಿಗ್ಗಿಯಲ್ಲಿ 187 ರೂಪಾಯಿಯ ಐಸ್‌ಕ್ರೀಮ್ ತರಿಸಿದ್ದರು. ಅಂಗಡಿಯಿಂದ ಹೊರಟದ್ದು ಮನೆಗೆ ಬರಲಿಲ್ಲ, ಆಪ್ ‘ಡೆಲಿವರ್ಡ್’ ಎಂದಿತು. ತಾನು ಮಧ್ಯವರ್ತಿ, ಆಪ್‌ನಲ್ಲಿ ಡೆಲಿವರ್ಡ್ ಎಂದು ದಾಖಲಾದ ಮೇಲೆ ಅದನ್ನು ಪರಿಶೀಲಿಸುವುದು ತನ್ನಿಂದಾಗದು ಎಂದು ಕಂಪನಿ ವಾದಿಸಿತು. ಆಯೋಗ ಒಪ್ಪಲಿಲ್ಲ. ಇದು ಸೇವಾ ನ್ಯೂನತೆ, ಅನುಚಿತ ವ್ಯಾಪಾರ ಪದ್ಧತಿ ಎಂದು ಹೇಳಿ 187 ರೂಪಾಯಿ ವಾಪಸ್ಸು, 3,000 ರೂಪಾಯಿ ಪರಿಹಾರ, 2,000 ರೂಪಾಯಿ ಕೇಸಿನ ಖರ್ಚು ಕೊಡಿಸಿತು. ಒಂದೇ ರಾಜ್ಯ, ಒಂದೇ ಬಗೆಯ ತಪ್ಪು. ಧಾರವಾಡದಲ್ಲಿ ಒಟ್ಟು 60,000, ಬೆಂಗಳೂರಿನಲ್ಲಿ 5,000. ಪರಿಹಾರ ಎಷ್ಟು ಎಂಬುದು ಆಯೋಗದ ವಿವೇಚನೆಗೆ ಬಿಟ್ಟದ್ದು, ದೊಡ್ಡ ಮೊತ್ತ ನೆಚ್ಚಿಕೊಂಡು ಯಾರೂ ಕೇಸು ಹಾಕಬಾರದು. ಹೊಣೆ ಯಾರದು ಎಂಬುದರಲ್ಲಿ ಮಾತ್ರ ಎರಡೂ ತೀರ್ಪುಗಳು ಒಂದೇ ದಿಕ್ಕಿನಲ್ಲಿವೆ.

ಕಂಪನಿಯ ಮೊದಲ ಉತ್ತರದಿಂದ ಕೆಲಸವಾಗದಿದ್ದರೆ ಅದರ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ಇಂಥ ಅಧಿಕಾರಿಯನ್ನು ನೇಮಿಸಿ ಹೆಸರು, ವಿಳಾಸಗಳನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಈ ಹೆಸರು ಸಾಮಾನ್ಯವಾಗಿ ಪುಟದ ತಳದಲ್ಲಿ ಸಣ್ಣಕ್ಷರದಲ್ಲಿರುತ್ತದೆ, ಹುಡುಕಬೇಕಾಗುತ್ತದೆ. ಹುಡುಕುವಾಗ ಒಂದು ಎಚ್ಚರ ಬೇಕು. ಅಂತರ್ಜಾಲದಲ್ಲಿ ‘ಕಸ್ಟಮರ್ ಕೇರ್ ನಂಬರ್’ ಎಂದು ಹುಡುಕಿ ಸಿಕ್ಕ ನಂಬರಿಗೆ ಕರೆ ಮಾಡಿ, ರಿಫಂಡ್ ಕೊಡುತ್ತೇವೆಂದವರ ಮಾತು ನಂಬಿ ಬ್ಯಾಂಕ್ ಖಾತೆಯ ಹಣ ಕಳೆದುಕೊಂಡವರಿದ್ದಾರೆ. ಕಂಪನಿಯ ಸ್ವಂತ ಆಪ್ ಅಥವಾ ಜಾಲತಾಣದಲ್ಲಿರುವ ದಾರಿಯನ್ನಷ್ಟೇ ಬಳಸಬೇಕು. ಹಣ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಬೇಕು.

ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆ ಇದೆ. ಇದು ನ್ಯಾಯಾಲಯವಲ್ಲ. ದೂರನ್ನು ಕಂಪನಿಯ ಮುಂದಿಟ್ಟು ಉತ್ತರ ತರಿಸುತ್ತದೆ. ಚಾಟ್‌ನಲ್ಲಿ ವಾರಗಟ್ಟಲೆ ‘ಪರಿಶೀಲಿಸುತ್ತಿದ್ದೇವೆ’ ಎಂದವರು ಇಲ್ಲಿಂದ ದೂರು ಹೋದ ಮೇಲೆ ಹಣ ಹಿಂದಿರುಗಿಸುವುದುಂಟು. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡವರಿಗೆ ಮತ್ತೊಂದು ದಾರಿಯೂ ಇದೆ. ವಸ್ತು ಬಂದಿಲ್ಲವೆಂದು ಬ್ಯಾಂಕಿಗೆ ತಕರಾರು ಸಲ್ಲಿಸಬಹುದು. ಅದಕ್ಕೆ ಗಡುವು ಇರುವುದರಿಂದ ಕಂಪನಿಯ ಉತ್ತರಕ್ಕೆ ಕಾಯುತ್ತ ಕೂರಬಾರದು.

ಕೊನೆಯ ಬಾಗಿಲು ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ ಇಲ್ಲಿ ದೊಡ್ಡದೊಂದು ಬದಲಾವಣೆಯಾಯಿತು. ಕಂಪನಿಯ ಕಚೇರಿ ಗುರುಗ್ರಾಮದಲ್ಲಿರಲಿ, ಮುಂಬೈಯಲ್ಲಿರಲಿ, ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ದಾವಣಗೆರೆಯ ಶಿಕ್ಷಕಿಗೆ ದಾವಣಗೆರೆಯ ಆಯೋಗ ಸಾಕು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕೆಂಬ ನಿಯಮವಿಲ್ಲ. ಇ-ಜಾಗೃತಿ ಜಾಲತಾಣದಿಂದ ಮನೆಯಲ್ಲೇ ಕೂತು ದೂರು ಸಲ್ಲಿಸಬಹುದು. ತೊಂದರೆಯಾದ ಎರಡು ವರ್ಷದೊಳಗೆ ಸಲ್ಲಿಸಬೇಕು. ಆಪ್, ಮಾರಾಟಗಾರ, ಕೊರಿಯರ್ ಮೂವರನ್ನೂ ಎದುರುದಾರರನ್ನಾಗಿ ಮಾಡಿದರೆ, ಒಬ್ಬರ ಮೇಲೊಬ್ಬರು ಹಾಕಿ ತಪ್ಪಿಸಿಕೊಳ್ಳುವ ಅವಕಾಶ ಇರುವುದಿಲ್ಲ. ಧಾರವಾಡದ ಮಹಿಳೆಯ ಕೈಯಲ್ಲಿ ಇದ್ದದ್ದೂ ಹಣ ಕಟ್ಟಿದ ದಾಖಲೆ, ತಲುಪಿದೆ ಎಂಬ ಸಂದೇಶ, ಇಮೇಲ್, ನೋಟಿಸ್, ಇಂಥವೇ. ತಪ್ಪಿಲ್ಲ ಎಂದು ವಾದಿಸಿದ ಕಂಪನಿ ನಡುವೆ ಹಣ ಹಿಂದಿರುಗಿಸಿದ್ದು ಅವರ ಮಾತಿಗೆ ಇನ್ನಷ್ಟು ಬಲ ಕೊಟ್ಟಿತು.

ಅಂಚೆ ಇಲಾಖೆಯ ಪಾರ್ಸೆಲ್ ಆದರೆ ಲೆಕ್ಕ ಬೇರೆ. 2024ರ ಜೂನ್‌ನಲ್ಲಿ ಜಾರಿಗೆ ಬಂದ ಹೊಸ ಅಂಚೆ ಕಚೇರಿ ಕಾಯ್ದೆಯೂ, ಅದಕ್ಕೂ ಮುಂಚಿನ 1898ರ ಕಾಯ್ದೆಯೂ ಇಲಾಖೆಗೆ ಹೊಣೆಯಿಂದ ದೊಡ್ಡ ಮಟ್ಟದ ರಕ್ಷಣೆ ಕೊಟ್ಟಿವೆ. ಸಿಬ್ಬಂದಿ ಮೋಸದಿಂದ ಅಥವಾ ಬೇಕೆಂದೇ ನಷ್ಟ ಮಾಡಿದ್ದಾರೆ ಎಂದು ತೋರಿಸಬೇಕಾಗುತ್ತದೆ. ಅಲ್ಲಿ ಮೊದಲು ಹೋಗಬೇಕಾದ್ದು ಪಾರ್ಸೆಲ್ ಹಂಚುವ ಅಂಚೆ ಕಚೇರಿಯ ಪೋಸ್ಟ್ ಮಾಸ್ಟರ್ ಬಳಿಗೆ. ಯಾರು ಸಹಿ ಮಾಡಿ ಪಡೆದರು ಎಂಬುದನ್ನು ಅಲ್ಲಿಯೇ ವಿಚಾರಿಸಬಹುದು.

ಈ ದೂರುಗಳ ಇನ್ನೊಂದು ತುದಿಯಲ್ಲಿ ಬೈಕಿನ ಮೇಲಿರುವ ಹುಡುಗನಿದ್ದಾನೆ. ದೂರು ಬಂದರೆ ಕೆಲವು ಕಡೆ ವಸ್ತುವಿನ ಬೆಲೆಯನ್ನು ಅವನ ದುಡಿಮೆಯಿಂದ ಕಡಿಯುತ್ತಾರೆ, ಇಲ್ಲವೇ ಅವನ ಐಡಿ ಬ್ಲಾಕ್ ಮಾಡುತ್ತಾರೆ. ಬ್ಲಾಕ್ ಆದರೆ ಮಾರನೇ ದಿನದಿಂದ ಕೂಲಿಯಿಲ್ಲ, ಯಾಕೆಂದು ಕೇಳಲು ಎದುರಿಗೆ ಮನುಷ್ಯರೂ ಇರುವುದಿಲ್ಲ. ಕರ್ನಾಟಕದಲ್ಲಿ 2025ರಲ್ಲಿ ಬಂದ ಗಿಗ್ ಕಾರ್ಮಿಕರ ಕಾಯ್ದೆ ಇಂಥ ಕಡೆ ಕೈ ಹಾಕಿದೆ. ಕೆಲಸದಿಂದ ತೆಗೆಯುವ ಮೊದಲು ಕಾರಣವನ್ನು ಲಿಖಿತವಾಗಿ ತಿಳಿಸಿ 14 ದಿನ ಮುಂಚೆ ನೋಟಿಸ್ ಕೊಡಬೇಕು ಎಂದು ಅದು ಹೇಳುತ್ತದೆ. ರಾತ್ರಿ ಒಂಬತ್ತಕ್ಕೆ ಮುಗಿಯದಷ್ಟು ಪಾರ್ಸೆಲ್ ಹೊರಿಸಿ, ವಾಪಸ್ ತಂದರೆ ಕೂಲಿಯಿಲ್ಲ ಎಂಬ ಲೆಕ್ಕ ಇಟ್ಟದ್ದು ಹುಡುಗನಲ್ಲ. ಗ್ರಾಹಕರ ದೂರು ಹಬ್‌ನ ದಾಖಲೆಯನ್ನು ಕೇಳಬೇಕು, ಕಂಪನಿಯ ಉತ್ತರವನ್ನು ಕೇಳಬೇಕು. ಫೋನಿನಲ್ಲಿ ಅವನಿಗೆ ಬೈದರೆ ಪಾರ್ಸೆಲ್ ಬರುವುದಿಲ್ಲ.

ಆಯೋಗದಲ್ಲಿ ಗೆದ್ದ ಮೇಲೂ ಕೆಲವೊಮ್ಮೆ ಕಾಯಬೇಕಾಗುತ್ತದೆ. ಕಂಪನಿಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಲು 45 ದಿನಗಳ ಅವಕಾಶವಿದೆ. ಆದರೆ ಆದೇಶದ ಮೊತ್ತದ ಅರ್ಧದಷ್ಟನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ ದೂರುದಾರರು ಅದೇ ಜಿಲ್ಲಾ ಆಯೋಗಕ್ಕೆ ಜಾರಿ ಅರ್ಜಿ ಹಾಕಬಹುದು. ಆದೇಶ ಪಾಲಿಸದವರಿಗೆ ಕಾಯ್ದೆಯ 72ನೇ ಸೆಕ್ಷನ್ ಪ್ರಕಾರ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25,000 ರೂಪಾಯಿಗೆ ಕಡಿಮೆಯಿಲ್ಲದಂತೆ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.